ಹದಿನಾರು ಬಿಟ್ಟಿನಲ್ಲಿ ಇಪ್ಪತ್ತು ಬಿಟ್ಟಿನ ವಿಳಾಸ

1978ರಲ್ಲಿ ಇಂಟೆಲ್ ಹೊರತಂದ 8086 ಪ್ರೊಸೆಸರಿನ ರಿಜಿಸ್ಟರುಗಳು ಹದಿನಾರು ಬಿಟ್ಟಿನವು. ಅಂಥ ಒಂದು ರಿಜಿಸ್ಟರಿನಿಂದ 65,536 ಬೈಟುಗಳನ್ನಷ್ಟೇ ಗುರುತಿಸಬಹುದು. ಮೆಮೊರಿಯತ್ತ ಹೊರಟ ವಿಳಾಸದ ಗೆರೆಗಳು ಮಾತ್ರ ಇಪ್ಪತ್ತು. ಅಂದರೆ ಒಂದು ಮೆಗಾಬೈಟಿನಷ್ಟು ಜಾಗ. ಈ ಅಂತರವನ್ನು ತುಂಬಲು ಎರಡು ರಿಜಿಸ್ಟರುಗಳನ್ನು ಜೋಡಿಸಿದರು: ಸೆಗ್ಮೆಂಟನ್ನು ಹದಿನಾರರಿಂದ ಗುಣಿಸಿ, ಅದಕ್ಕೆ ಆಫ್‌ಸೆಟ್ ಕೂಡಿಸುವುದು. ಹೆಕ್ಸ್ ಬರವಣಿಗೆಯಲ್ಲಿ ಇದು ಇನ್ನೂ ಸಲೀಸು, ಸೆಗ್ಮೆಂಟಿನ ಬಾಲಕ್ಕೊಂದು ಸೊನ್ನೆ ಹಚ್ಚಿದರೆ ಗುಣಾಕಾರ ಮುಗಿಯಿತು.

ಪಿಸಿಯ ಬಣ್ಣದ ಪರದೆಯ ಅಕ್ಷರಗಳು B8000 ಎಂಬ ವಿಳಾಸದಿಂದ ಶುರುವಾಗುತ್ತವೆ. ಸಾಲಿಗೆ 80 ಅಕ್ಷರ, ಒಂದೊಂದಕ್ಕೂ ಎರಡು ಬೈಟು: ಮೊದಲನೆಯದು ಅಕ್ಷರ, ಎರಡನೆಯದು ಬಣ್ಣ. ಸೊನ್ನೆಯಿಂದ ಎಣಿಸಿ ಹತ್ತನೇ ಸಾಲಿನ ಇಪ್ಪತ್ತನೇ ಮನೆಗೆ A ಬರೆಯಬೇಕಿದ್ದರೆ ಆಫ್‌ಸೆಟ್ (10×80+20)×2, ಅಂದರೆ 1640, ಹೆಕ್ಸಿನಲ್ಲಿ 0668.

```
mov ax, 0B800h
mov es, ax
mov byte ptr es:[0668h], 'A'
mov byte ptr es:[0669h], 0Fh
```

B800ಕ್ಕೆ ಸೊನ್ನೆ ಸೇರಿ B8000, ಅದಕ್ಕೆ 0668 ಕೂಡಿ B8668. ಕಪ್ಪು ಪರದೆಯಲ್ಲಿ ಬೆಳ್ಳಗಿನ A ಮೂಡುತ್ತದೆ. ಸೆಗ್ಮೆಂಟ್ ರಿಜಿಸ್ಟರಿಗೆ ಅಂಕಿಯನ್ನು ನೇರವಾಗಿ ತುಂಬಲು ಬರುವುದಿಲ್ಲ, ಅದಕ್ಕೇ ax ಮೂಲಕ ಸುತ್ತಿ ಬಂದದ್ದು. ಮೊದಲ ಎರಡು ಸಾಲು ಮರೆತರೆ ಪ್ರೊಸೆಸರ್ ದೂರು ಹೇಳುವುದಿಲ್ಲ. es ಒಳಗೆ ಮೊದಲೇ ಇದ್ದ ಯಾವುದೋ ಸಂಖ್ಯೆಯನ್ನು ಹಿಡಿದು ಲೆಕ್ಕ ಹಾಕಿ, ಇನ್ನೆಲ್ಲೋ ಇದ್ದ ಬೈಟನ್ನು ಅಳಿಸಿ ಅಲ್ಲಿ A ಬರೆಯುತ್ತದೆ. ಪರದೆ ಮಾತ್ರ ಖಾಲಿ. ಡಿಬಗರಿನಲ್ಲಿ es ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಇದೇ ಬೈಟನ್ನು B866:0008 ಎಂದೂ ಕರೆಯಬಹುದು. ಕೂಡಿ ನೋಡಿದರೆ ಅದೇ B8668. ಹೀಗೆ 8086ರಲ್ಲಿ ಪ್ರತಿ ಬೈಟಿಗೂ 4,096 ಜೋಡಿ ಹೆಸರುಗಳಿವೆ. ಹಾಗಾಗಿ ಎರಡು ಪಾಯಿಂಟರುಗಳ ಜೋಡಿಯನ್ನು ಅಂಕಿಗೆ ಅಂಕಿ ಹೋಲಿಸಿ ‘ಬೇರೆ ಬೇರೆ’ ಎಂದು ತೀರ್ಮಾನಿಸುವ ಪ್ರೋಗ್ರಾಂ ಮೋಸಹೋಗುತ್ತದೆ.

ಲೆಕ್ಕ ಮೆಗಾಬೈಟಿನ ಅಂಚು ದಾಟಿದಾಗ ತಮಾಷೆ ಇನ್ನೊಂದು. FFFF:0010 ಕೂಡಿದರೆ 100000, ಇಪ್ಪತ್ತೊಂದು ಬಿಟ್ಟು. ಮುಂದಿನ ಒಂದನ್ನು ಹೊರಲು 8086ರಲ್ಲಿ ಗೆರೆಯಿಲ್ಲ, ಆದ್ದರಿಂದ ವಿಳಾಸ ಸುತ್ತಿಕೊಂಡು 00000ಕ್ಕೆ ಬೀಳುತ್ತದೆ. ಕೆಲವು ಪ್ರೋಗ್ರಾಮುಗಳು ಇದನ್ನೇ ನಂಬಿಕೊಂಡಿದ್ದವು. ಮುಂದೆ ಬಂದ 80286ಕ್ಕೆ ಇಪ್ಪತ್ನಾಲ್ಕು ಗೆರೆ. ಅಲ್ಲಿ ವಿಳಾಸ ಸುತ್ತಲಿಲ್ಲ, ನೆಟ್ಟಗೆ ಮೇಲೇರಿತು. ಹಳೆಯ ಪ್ರೋಗ್ರಾಮುಗಳು ಕೆಡದಿರಲೆಂದು ಐಬಿಎಂ 1984ರ ತನ್ನ ಪಿಸಿ ಎಟಿಯಲ್ಲಿ ಎ20 ಗೆರೆಗೊಂದು ಗೇಟು ಇಟ್ಟು, ಅದರ ಅಂಕೆಯನ್ನು ಕೀಬೋರ್ಡ್ ಕಂಟ್ರೋಲರಿಗೆ ಕೊಟ್ಟಿತು! ಗೇಟು ತೆರೆದರೆ ಮೆಗಾಬೈಟಿನಾಚೆ 65,520 ಬೈಟು ರಿಯಲ್ ಮೋಡಿಗೂ ಎಟುಕುತ್ತದೆ. 1991ರ ಎಂಎಸ್-ಡಾಸ್ 5 ತನ್ನ ದೊಡ್ಡ ಭಾಗವನ್ನು ಆ ಜಾಗಕ್ಕೇ ಸಾಗಿಸಿ, ಕೆಳಗಿನ ಮೆಮೊರಿಯನ್ನು ಪ್ರೋಗ್ರಾಮುಗಳಿಗೆ ಬಿಟ್ಟುಕೊಟ್ಟಿತು.