ಹೊಲಿಗೆಗೆ ಮುಂಚಿನ ಅಳತೆ

ಹೊಡೆದಾಟದಲ್ಲಿ ಪೆಟ್ಟು ತಿಂದವರನ್ನು ಕ್ಯಾಶುವಾಲ್ಟಿಗೆ ಕರೆತಂದಾಗ ವೈದ್ಯರು ಮೊದಲು ರಕ್ತ ನಿಲ್ಲಿಸುತ್ತಾರೆ. ಆ ಅವಸರದಲ್ಲಿ ಗೀಚಿದ ನಾಲ್ಕು ಸಾಲುಗಳೇ ಮುಂದೆ ಪೊಲೀಸರು ಕೇಳುವ ವೂಂಡ್ ಸರ್ಟಿಫಿಕೇಟ್‌ಗೆ ಆಧಾರ. ಪ್ರಮಾಣಪತ್ರ ಬರೆಯುವ ಹೊತ್ತಿಗೆ ಗಾಯ ಮಾಯ್ದಿರುತ್ತದೆ. ಚೀಟಿಯಲ್ಲಿ ಇಲ್ಲದ್ದನ್ನು ಮರಳಿ ನೋಡಲು ದಾರಿಯಿಲ್ಲ.

ಒಂದು ಕಲ್ಪಿತ ಪ್ರಕರಣ ನೋಡೋಣ. ದೊಣ್ಣೆಯಿಂದ ಹೊಡೆದರು ಎಂದು ಹೇಳಿಕೊಂಡು ಯುವಕನೊಬ್ಬ ರಾತ್ರಿ ಬಂದಿದ್ದಾನೆ. ಚೀಟಿಯಲ್ಲಿ ‘ತಲೆಗೆ ಕಟ್ ಇಂಜುರಿ, ಹೊಲಿಗೆ ಹಾಕಿದೆ, ಎಡಗೈ ಊತ, ಎಕ್ಸ್‌ರೇ’ ಎಂದಷ್ಟೇ ಇದ್ದರೆ ಪ್ರಮಾಣಪತ್ರ ಅಲ್ಲಿಗೇ ಕುಂಟುತ್ತದೆ. ‘ಕಟ್’ ಎಂದರೆ ಮಚ್ಚಿನಿಂದ ಕೊಯ್ದದ್ದೋ, ದೊಣ್ಣೆ ಬಡಿದು ಹರಿದದ್ದೋ? ತಲೆಯ ಚರ್ಮದ ಕೆಳಗೇ ಮೂಳೆ ಇರುವುದರಿಂದ ದೊಣ್ಣೆಯ ಪೆಟ್ಟಿಗೂ ಚರ್ಮ ಕೊಯ್ದಂತೆ ನೇರವಾಗಿ ಬಿರಿಯುತ್ತದೆ. ಗುರುತಿಸಲು ಭೂತಗನ್ನಡಿ ಹಿಡಿದು ನೋಡಬೇಕು: ಅಂಚು ಜಜ್ಜಿದೆಯೇ, ಕೂದಲ ಬುಡ ನಜ್ಜುಗುಜ್ಜಾಗಿದೆಯೇ, ಗಾಯದೊಳಗೆ ಹರಿಯದೆ ಉಳಿದ ಎಳೆಗಳು ಅಡ್ಡ ಹಾದಿವೆಯೇ. ಹರಿತವಾದ ಆಯುಧ ಎಳೆಗಳನ್ನು ಹಾಗೆ ಉಳಿಸುವುದಿಲ್ಲ. ಹೊಲಿಗೆ ಬಿದ್ದ ಮೇಲೆ ಇದ್ಯಾವುದೂ ಕಾಣದು.

ಅದಕ್ಕೇ ಪ್ರತಿ ಗಾಯವನ್ನೂ ಒಂದೇ ಕ್ರಮದಲ್ಲಿ ಬರೆಯುವ ರೂಢಿ: ಮೊದಲು ಬಗೆ, ಬಳಿಕ ಅಳತೆ, ಆಕಾರ, ಜಾಗ, ಅಂಚು, ಬಣ್ಣ. ಮೇಲಿನ ಗಾಯ ಹೀಗಾಗುತ್ತದೆ: ‘ಜಜ್ಜಿ ಹರಿದ ಗಾಯ, 5 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, ಮೂಳೆಯವರೆಗೆ ಆಳ, ನೇರ, ತಲೆಯ ಎಡಗಡೆ, ಎಡಕಿವಿಯ ಮೇಲ್ತುದಿಯಿಂದ 6 ಸೆಂ.ಮೀ. ಮೇಲೆ, ಅಂಚು ತರಿತರಿ, ಜಜ್ಜಿದೆ, ಹಸಿ ರಕ್ತವಿದೆ.’ ಜಾಗವನ್ನು ಕಿವಿ, ಮೊಣಕೈಯಂಥ ಕದಲದ ಗುರುತಿನಿಂದಲೇ ಅಳೆಯಬೇಕು. ‘ತಲೆಯ ಮೇಲೆ’ ಎಂದರೆ ಎಲ್ಲಿ ಎಂದು ನ್ಯಾಯಾಲಯದಲ್ಲಿ ಕೇಳುತ್ತಾರೆ.

ಎರಡನೆಯದು: ‘ಮೂಗೇಟು, 6 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ಉದ್ದುದ್ದ, ಎಡ ಮುಂಗೈಯ ಹಿಂಭಾಗ, ಮೊಣಕೈಯಿಂದ 8 ಸೆಂ.ಮೀ. ಕೆಳಗೆ, ಅಂಚು ಅಸ್ಪಷ್ಟ, ಕೆಂಪು.’ ಬಣ್ಣ ಇಲ್ಲಿ ಕಾಲದ ಸಾಕ್ಷಿ. ಹೊಸ ಮೂಗೇಟು ಕೆಂಪಗಿದ್ದು, ಆಮೇಲೆ ನೀಲಿಯಾಗಿ, ದಿನಗಳು ಕಳೆದಂತೆ ಹಸಿರು, ಹಳದಿಗೆ ತಿರುಗುತ್ತದೆ. ಹಳದಿಯಾಗಿದ್ದರೆ ಅದು ಅದೇ ರಾತ್ರಿಯ ಪೆಟ್ಟಲ್ಲ.

ಕೊನೆಗೆ ಅಭಿಪ್ರಾಯ. ಎಕ್ಸ್‌ರೇ ವರದಿ ಕೈಗೆ ಬರುವವರೆಗೆ ಅದನ್ನು ಕಾಯ್ದಿರಿಸಬೇಕು. ಎಕ್ಸ್‌ರೇಯಲ್ಲಿ ಮುಂಗೈಯ ಮೂಳೆ ಮುರಿದದ್ದು ಕಂಡರೆ, ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಆ ಗಾಯ ತೀವ್ರ ಸ್ವರೂಪದ್ದು. ತಲೆಯ ಗಾಯ ಎಷ್ಟೇ ರಕ್ತ ಸುರಿಸಿದ್ದರೂ ಮೂಳೆಗೆ ಪೆಟ್ಟಿಲ್ಲದೆ, ಜೀವಕ್ಕೆ ಅಪಾಯವಿಲ್ಲದೆ, ಆ ಕಲಮಿನ ಬೇರಾವ ಲಕ್ಷಣವೂ ಇಲ್ಲದಿದ್ದರೆ ಸಾಧಾರಣ. ಹೊಡೆದವರು ಯಾರು ಎಂಬುದು ಗಾಯಾಳುವಿನ ಹೇಳಿಕೆಯಾಗಿ ಮಾತ್ರ ದಾಖಲಾಗುತ್ತದೆ. ಚೀಟಿಯಲ್ಲಿ ಆಳ ಬರೆದಿಲ್ಲವಾದರೆ ಪ್ರಮಾಣಪತ್ರದಲ್ಲೂ ‘ಆಳ ದಾಖಲಾಗಿಲ್ಲ’ ಎಂದೇ ಬರೆಯಬೇಕು. ಅಂದಾಜಿನಿಂದ ಅಂಕಿ ತುಂಬಿದರೆ, ಪಾಟೀಸವಾಲಿನಲ್ಲಿ ವಕೀಲರು ಮೂಲ ಚೀಟಿಯನ್ನೇ ವೈದ್ಯರ ಮುಂದೆ ಹಿಡಿಯುತ್ತಾರೆ.