ನೀಲದ ಉಂಗುರಕ್ಕೆ ಮೂರು ದಿನದ ಟ್ರಯಲ್: ಪರೀಕ್ಷೆ ಆಗ್ತಿರೋದು ಕಲ್ಲಿಗಾ, ನಮಗಾ?

(ಆಡಿಯೊ ಸಂಚಿಕೆಯ ಬರಹರೂಪ)

ಇವತ್ತು ಗ್ರಹದ ಉಂಗುರಗಳ ಬಗ್ಗೆ ಮಾತಾಡೋಣ. ಒಂಬತ್ತು ಗ್ರಹಕ್ಕೆ ಒಂಬತ್ತು ಕಲ್ಲು ಇದೆ, ಎಲ್ಲವನ್ನೂ ಹಿಡಿದರೆ ಯಾವುದೂ ಸರಿಯಾಗಿ ಅರ್ಥ ಆಗಲ್ಲ. ಹಾಗಾಗಿ ಒಂದೇ ಕಲ್ಲು ತಗೊಳ್ತೀನಿ: ನೀಲ, ಅಂದ್ರೆ ಬ್ಲೂ ಸಫೈರ್. ಶನಿಯ ಕಲ್ಲು. ಜನ ಅತಿ ಹೆಚ್ಚು ಹೆದರೋದು ಇದಕ್ಕೇ. ತಗೊಳ್ಳೋ ಮೊದಲು ‘ಟ್ರಯಲ್’ ನೋಡಿ ಅಂತ ಹೇಳೋದೂ ಮುಖ್ಯವಾಗಿ ಇದಕ್ಕೇ. ಆ ಟ್ರಯಲ್ ಒಳಗೇ ನಂಬುವವರ ವಾದ, ನಂಬದವರ ಉತ್ತರ ಎರಡೂ ಇದೆ.

ಮೊದಲು ನಂಬಿಕೆ ಏನು ಅಂತ ನೋಡೋಣ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರ್ತಾನೆ. ನಿಮ್ಮ ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರರಲ್ಲಿ ಶನಿ ಇರುವ ಏಳೂವರೆ ವರ್ಷವೇ ಸಾಡೇಸಾತಿ. ಕೆಲಸ ಹೋಯ್ತು, ಮದುವೆ ಮುಂದಕ್ಕೆ ಹೋಯ್ತು, ಅಂಗಡಿ ಮಲಗ್ತು ಅಂದಾಗ ಮನೆಯ ಹಿರಿಯರು ಜಾತಕ ಹಿಡ್ಕೊಂಡು ಹೋಗ್ತಾರೆ, ಜೋಯಿಸರು ಶನಿ ಕಾಟ ಅಂತಾರೆ, ಯಾರಾದರೊಬ್ಬರು ನೀಲದ ಹೆಸರು ತೆಗೀತಾರೆ. ವಿಧಾನ ಸಾಮಾನ್ಯವಾಗಿ ಹೀಗಿರುತ್ತೆ: ಬೆಳ್ಳಿ ಅಥವಾ ಪಂಚಲೋಹದ ಉಂಗುರ, ಶನಿವಾರ, ಮಧ್ಯದ ಬೆರಳು. ಕಲ್ಲಿನ ಹಿಂಭಾಗ ತೆರೆದಿರಬೇಕು, ಚರ್ಮಕ್ಕೆ ತಾಗಬೇಕು. ಕಲ್ಲು ಗ್ರಹದ ಕಿರಣವನ್ನು ಎಳೆದು ಮೈಗೆ ಕೊಡುತ್ತೆ ಅನ್ನೋದು ಇದರ ಹಿಂದಿನ ಕಲ್ಪನೆ.

ಇಲ್ಲೊಂದು ವಿಷಯ ಗಮನಿಸಿ. ಸಂಪ್ರದಾಯ ಗೊತ್ತಿರುವ ಬಹಳಷ್ಟು ಜ್ಯೋತಿಷಿಗಳು ಶನಿ ಕಾಟ ಅಂದ ಕೂಡಲೇ ನೀಲ ಹಾಕಿ ಅಂತ ಹೇಳೋದೇ ಇಲ್ಲ. ಅವರ ಪ್ರಕಾರ ಕಲ್ಲು ಗ್ರಹವನ್ನು ಸಮಾಧಾನ ಮಾಡಲ್ಲ, ಅದರ ಬಲ ಹೆಚ್ಚಿಸುತ್ತೆ. ಕಾಟ ಕೊಡೋನಿಗೆ ಯಾರಾದರೂ ಬಲ ಕೊಡ್ತಾರಾ? ಅದಕ್ಕೇ ವೃಷಭ, ತುಲಾ ಲಗ್ನದಂಥ, ಶನಿ ಶುಭನಾಗಿರುವ ಜಾತಕಕ್ಕೆ ಮಾತ್ರ ನೀಲ ಅಂತಾರೆ. ಉಳಿದವರಿಗೆ ಶನಿವಾರ ಎಳ್ಳೆಣ್ಣೆ ದೀಪ, ಹನುಮಂತನ ಗುಡಿ, ದಾನ. ಅಂದ್ರೆ ರಾಶಿ ಕೇಳಿ ಐದು ನಿಮಿಷದಲ್ಲಿ ನೀಲ ಕೈಗಿಡುವ ಅಂಗಡಿ ವಿಜ್ಞಾನವನ್ನಷ್ಟೇ ಅಲ್ಲ, ಜ್ಯೋತಿಷ್ಯದ ನಿಯಮವನ್ನೂ ಮೀರ್ತಿದೆ.

ಈಗ ಟ್ರಯಲ್‌ಗೆ ಬರೋಣ. ಕಲ್ಲನ್ನು ನೀಲಿ ಬಟ್ಟೆಯಲ್ಲಿ ಕಟ್ಟಿ ತೋಳಿಗೆ ಕಟ್ಕೊಳ್ಳಿ, ಇಲ್ಲವೇ ದಿಂಬಿನ ಕೆಳಗೆ ಇಟ್ಕೊಂಡು ಮಲಗಿ. ಮೂರು ದಿನ ನೋಡಿ. ಕೆಟ್ಟ ಕನಸು, ಜಗಳ, ಸಣ್ಣ ಅಪಘಾತ, ಜ್ವರ, ದುಡ್ಡು ಕಳೆಯೋದು, ಕೆಟ್ಟ ಸುದ್ದಿ, ಇಂಥದ್ದೇನಾದರೂ ಆದರೆ ಕಲ್ಲು ಆಗಿಬರಲ್ಲ, ವಾಪಸ್ ಕೊಡಿ. ಏನೂ ಆಗದಿದ್ದರೆ ಅಥವಾ ಒಳ್ಳೇದಾದರೆ ಹಾಕ್ಕೊಳ್ಳಿ. ಕೇಳೋಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ಕಂಪನಿಯ ಪ್ರೊಬೇಷನ್ ಥರ.

ನಾನು ಕಾಮರ್ಸ್ ಓದಿದವನು, ಹಾಗಾಗಿ ಒಂದು ಲೆಕ್ಕ ಹಾಕ್ತೀನಿ. ‘ಅಪಶಕುನ’ದ ಪಟ್ಟಿಯಲ್ಲಿ ಹತ್ತು ಐಟಂ ಇದೆ ಅಂದ್ಕೊಳ್ಳಿ. ಪ್ರತಿಯೊಂದೂ ನಿಮಗೆ ಸರಾಸರಿ ತಿಂಗಳಿಗೆ ಒಂದು ಸಲ ಆಗುತ್ತೆ: ತಿಂಗಳಿಗೊಂದು ಕೆಟ್ಟ ಕನಸು, ತಿಂಗಳಿಗೊಂದು ಜಗಳ, ಬೈಕ್ ಒಂದು ಸಲ ಸ್ಕಿಡ್, ಹೀಗೆ. ಒಂದು ದಿನ ಒಂದು ಐಟಂ ಆಗುವ ಸಾಧ್ಯತೆ 30ರಲ್ಲಿ 1. ಹತ್ತು ಐಟಂ, ಮೂರು ದಿನ, ಒಟ್ಟು 30 ಅವಕಾಶ. ಈ 30ರಲ್ಲಿ ಒಂದೂ ಆಗದೇ ಇರುವ ಸಾಧ್ಯತೆ ಶೇ 36 ಮಾತ್ರ. ಅಂದ್ರೆ 100 ಜನರ ದಿಂಬಿನ ಕೆಳಗೆ ಬರೀ ಬಾಟಲಿ ಗಾಜಿನ ಚೂರು ಇಟ್ಟರೂ ಸುಮಾರು 64 ಜನರಿಗೆ ಮೂರು ದಿನದೊಳಗೆ ಏನೋ ಒಂದು ಕೆಟ್ಟದ್ದು ಆಗಿರುತ್ತೆ. ಅವರು ‘ಅಯ್ಯೋ, ಎಂಥ ಪವರ್ ಕಲ್ಲಿದು’ ಅಂತ ವಾಪಸ್ ಕೊಡ್ತಾರೆ. ಉಳಿದ 36 ಜನ ‘ನನಗೆ ಆಗಿಬಂತು’ ಅಂತ ಹಾಕ್ಕೊಳ್ತಾರೆ. ಎರಡೂ ಕಡೆ ಕಲ್ಲು ಪಾಸ್! ‘ಕಲ್ಲು ಏನೂ ಮಾಡಲ್ಲ’ ಅನ್ನೋ ಫಲಿತಾಂಶ ಬರೋಕೆ ಈ ಪರೀಕ್ಷೆಯಲ್ಲಿ ಜಾಗವೇ ಇಲ್ಲ. ಸಂದೇಹವಾದಿಗಳ ಮೊದಲ ಆಕ್ಷೇಪ ಇದೇ.

ಎರಡನೇ ಆಕ್ಷೇಪ, ಉಂಗುರ ಹಾಕಿದ ಮೇಲೆ ನಿಜವಾಗ್ಲೂ ಪರಿಸ್ಥಿತಿ ಸುಧಾರಿಸಿದವರ ಬಗ್ಗೆ. ಅವರು ಸುಳ್ಳು ಹೇಳ್ತಿಲ್ಲ. ಆದರೆ ನೋಡಿ, ಉಂಗುರ ಕೊಳ್ಳೋಕೆ ಹೋಗೋದು ಯಾವಾಗ? ಉದಾಹರಣೆಗೆ ಒಬ್ಬರ ಅಂಗಡಿಯ ವ್ಯಾಪಾರ ತಿಂಗಳಿಗೆ ಸರಾಸರಿ 90,000 ರೂಪಾಯಿ. ಒಂದು ತಿಂಗಳು 80, ಇನ್ನೊಂದು ತಿಂಗಳು ಲಕ್ಷ, ಹೀಗೆ ಏರಿಳಿತ ಇದ್ದೇ ಇರುತ್ತೆ. ಲಕ್ಷ ಆದ ತಿಂಗಳು ಯಾರೂ ಜೋಯಿಸರ ಹತ್ತಿರ ಓಡಲ್ಲ. 50,000ಕ್ಕೆ ಬಿದ್ದಾಗ ಓಡ್ತಾರೆ. ಅಷ್ಟು ಕೆಳಗೆ ಬಿದ್ದಮೇಲೆ ಮುಂದಿನ ತಿಂಗಳು ಬಹುಪಾಲು ಮೇಲಕ್ಕೇ ಬರುತ್ತೆ, ಯಾಕಂದ್ರೆ ಸರಾಸರಿ ಅಲ್ಲಿದೆ. 80,000 ಆಯ್ತು ಅಂದ್ರೆ ಕ್ರೆಡಿಟ್ ಉಂಗುರಕ್ಕೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನ ‘ಸರಾಸರಿಯತ್ತ ಮರಳೋದು’ ಅಂತಾರೆ. ಸಾಡೇಸಾತಿಯ ಲೆಕ್ಕವೂ ಸ್ವಲ್ಪ ಇದೇ ಥರ. ಹನ್ನೆರಡು ರಾಶಿಯಲ್ಲಿ ಮೂರು ಯಾವಾಗಲೂ ಸಾಡೇಸಾತಿಯಲ್ಲೇ ಇರುತ್ತೆ. ಅಂದ್ರೆ ಯಾವ ದಿನ ತಗೊಂಡರೂ ಹೆಚ್ಚುಕಮ್ಮಿ ಕಾಲು ಭಾಗ ಜನ. ಕಷ್ಟದಲ್ಲಿರುವ ನಾಲ್ವರಲ್ಲಿ ಒಬ್ಬರ ಜಾತಕದಲ್ಲಿ ಶನಿ ಸಿಗೋದು ಆಶ್ಚರ್ಯ ಅಲ್ಲ.

ಇದಕ್ಕೆ ನಂಬುವವರ ಉತ್ತರ ಏನು? ‘ಜ್ಯೋತಿಷ್ಯವನ್ನು ಹೀಗೆ ಲೆಕ್ಕದಲ್ಲಿ ಅಳೆಯೋಕಾಗಲ್ಲ.’ ಆದರೆ ಅಳೆಯುವ ಪ್ರಯತ್ನ ಆಗಿದೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2008ರಲ್ಲಿ ಮಹಾರಾಷ್ಟ್ರದಲ್ಲಿ ಒಂದು ಪ್ರಯೋಗ ಮಾಡಿದರು. ಓದಿನಲ್ಲಿ ಮುಂದಿದ್ದ 100 ಮಕ್ಕಳು ಮತ್ತು ಬೌದ್ಧಿಕ ಅಂಗವೈಕಲ್ಯ ಇದ್ದ 100 ಮಕ್ಕಳ ಜಾತಕ ಸೇರಿಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟು, ಯಾವುದು ಯಾವ ಗುಂಪಿನದು ಹೇಳಿ ಅಂದರು. ಕಣ್ಣು ಮುಚ್ಚಿ ಹೇಳಿದರೂ 40ರಲ್ಲಿ ಸುಮಾರು 20 ಸರಿಯಾಗಬೇಕು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಾಸರಿ ಅಷ್ಟೂ ಮುಟ್ಟಲಿಲ್ಲ. ಇದು ಕಲ್ಲಿನ ಪರೀಕ್ಷೆ ಅಲ್ಲ, ನಿಜ. ಆದರೆ ಯಾವ ಕಲ್ಲು ಅಂತ ನಿರ್ಧರಿಸೋದು ಅದೇ ಜಾತಕ ನೋಡಿ ತಾನೆ?

ಇನ್ನು ಕಲ್ಲಿನ ವಿಷಯ. ಪುರಾಣದಲ್ಲಿ ಸೂರ್ಯ, ಶನಿ ಅಪ್ಪ ಮಗ, ಆದರೆ ಶತ್ರುಗಳು. ಅದಕ್ಕೇ ಸೂರ್ಯನ ಮಾಣಿಕ್ಯ, ಶನಿಯ ನೀಲ ಒಟ್ಟಿಗೆ ಹಾಕಬಾರದು ಅಂತಾರೆ. ಲ್ಯಾಬ್‌ನಲ್ಲಿ ನೋಡಿದರೆ ಎರಡೂ ಒಂದೇ ಖನಿಜ, ಕೊರಂಡಮ್. ಅಂದ್ರೆ ಅಲ್ಯೂಮಿನಿಯಂ ಮತ್ತು ಆಕ್ಸಿಜನ್ ಸೇರಿ ಆದದ್ದು. ಅದರಲ್ಲಿ ಚೂರು ಕ್ರೋಮಿಯಂ ಬೆರೆತರೆ ಕೆಂಪು, ಮಾಣಿಕ್ಯ. ಕಬ್ಬಿಣ ಮತ್ತು ಟೈಟಾನಿಯಂ ಬೆರೆತರೆ ನೀಲ. ಗುರುವಿನ ಕನಕಪುಷ್ಯರಾಗವೂ ಅದೇ ಕೊರಂಡಮ್ಮೇ. ಮೂರು ಗ್ರಹ, ಒಂದೇ ವಸ್ತು, ಚಿಟಿಕೆಯಷ್ಟು ಕಲ್ಮಶದ ವ್ಯತ್ಯಾಸ. ಇನ್ನು ಆಕಾಶದಲ್ಲಿ ಶನಿ ಕಾಣೋದು ನೀಲಿಯಾಗಿ ಅಲ್ಲ, ಮಾಸಲು ಹಳದಿಯಾಗಿ.

ಆದರೆ ನನ್ನನ್ನ ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಫಲ ಕೊಡಬೇಕಾದರೆ ಕಲ್ಲು ಸಹಜವಾಗಿರಬೇಕು, ಕಾಯಿಸಿರಬಾರದು ಅನ್ನೋದು ಈ ನಂಬಿಕೆಯ ಕಟ್ಟುನಿಟ್ಟಿನ ಷರತ್ತು. ಮಾರುಕಟ್ಟೆಯಲ್ಲಿ ಬರುವ ನೀಲಗಳಲ್ಲಿ ಹೆಚ್ಚಿನವು ಬಣ್ಣ ತಿಳಿಯಾಗಲಿ ಅಂತ ಕುಲುಮೆಯಲ್ಲಿ ಕಾಯಿಸಿದವು. ಕೆಲವದರ ಬಿರುಕಿಗೆ ಕೋಬಾಲ್ಟ್ ಬೆರೆಸಿದ ನೀಲಿ ಗಾಜು ತುಂಬಿರ್ತಾರೆ. ಫ್ಯಾಕ್ಟರಿಯಲ್ಲಿ ಬೆಳೆಸಿದ ನೀಲಗಳು ನೂರು ವರ್ಷದಿಂದ ಇವೆ. ಪರೀಕ್ಷೆ ಮಾಡಿಸದೆ ಹಾಕ್ಕೊಂಡವರಲ್ಲೂ ‘ನನಗೆ ಫಲ ಸಿಕ್ತು’ ಅನ್ನೋರು ಬೇಕಾದಷ್ಟಿದ್ದಾರೆ. ಕೃತಕ ಕಲ್ಲಿಗೂ ಅಷ್ಟೇ ಫಲ ಸಿಗ್ತಿದೆ ಅಂದ್ರೆ, ಆ ಫಲ ಬರ್ತಿರೋದು ಕಲ್ಲಿನಿಂದ ಅಲ್ಲ. ಉಂಗುರ ನೋಡಿದಾಗ ಸಿಗುವ ಧೈರ್ಯ, ಮನೆಯವರ ನೆಮ್ಮದಿ, ಇವು ನಿಜ. ಅದನ್ನ ಸಂದೇಹವಾದಿಗಳೂ ಅಲ್ಲಗಳೆಯಲ್ಲ. ಆದರೆ ಆ ಧೈರ್ಯಕ್ಕೆ ಸಾಲ ಮಾಡಬೇಕಾಗಿಲ್ಲ.

ಇಷ್ಟಾದರೂ ಮನೆಯವರು ಒಪ್ಪದೆ ಕೊಳ್ಳಲೇಬೇಕು ಅಂತಾದರೆ, ದುಡ್ಡಾದರೂ ಹುಷಾರಾಗಿ ಕೊಡಿ. ಅಂಗಡಿಯವರು ‘ರತ್ತಿ’ ಲೆಕ್ಕ ಹೇಳ್ತಾರೆ. ರತ್ತಿ ಅಂದ್ರೆ ಮೂಲದಲ್ಲಿ ಗುಲಗಂಜಿಯ ತೂಕ, ಸುಮಾರು 0.12 ಗ್ರಾಂ. ಆದರೆ ವ್ಯಾಪಾರದಲ್ಲಿ ಸುಮಾರು 0.18 ಗ್ರಾಂನ ರತ್ತಿಯೂ ಓಡಾಡುತ್ತೆ. ರತ್ತಿಗೆ 8,000ದಂತೆ ಐದು ರತ್ತಿಗೆ 40,000 ಕೊಟ್ಟಿರಿ ಅನ್ನಿ. ಒಂದು ಅಳತೆಯಲ್ಲಿ ನಿಮಗೆ ಸಿಕ್ಕಿದ್ದು ಸುಮಾರು 3 ಕ್ಯಾರೆಟ್, ಇನ್ನೊಂದರಲ್ಲಿ ನಾಲ್ಕೂವರೆ. ಕ್ಯಾರೆಟ್ ಅಂದ್ರೆ ಎಲ್ಲ ಕಡೆಯೂ 0.2 ಗ್ರಾಂ, ಬಿಲ್ ಅದರಲ್ಲೇ ಕೇಳಿ. ಅಂಗಡಿಯವರ ಸ್ವಂತ ಕಾರ್ಡ್ ಬೇಡ, ಬೇರೆ ಲ್ಯಾಬ್‌ನ ರಿಪೋರ್ಟ್ ಕೇಳಿ. ಅದರಲ್ಲಿ ಸಹಜವೋ ಕೃತಕವೋ, ಕಾಯಿಸಿದ ಅಥವಾ ಗಾಜು ತುಂಬಿದ ಗುರುತು ಇದೆಯೋ ಅಂತ ಬರೆದಿರಬೇಕು. ‘ಹಾಲಿಗೆ ಹಾಕಿದರೆ ಹಾಲು ನೀಲಿಯಾಗುತ್ತೆ’ ಅನ್ನೋ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ, ನೀಲಿ ಗಾಜು ಹಾಕಿದರೂ ಹಾಗೇ ಕಾಣುತ್ತೆ. ಲೆನ್ಸ್‌ನಲ್ಲಿ ಒಳಗೆ ದುಂಡನೆಯ ಗುಳ್ಳೆ ಕಂಡರೆ ಗಾಜು ಅಥವಾ ಕೃತಕ ಕಲ್ಲಿನ ಅನುಮಾನ ಪಡಿ. ಬಣ್ಣದ ಗೆರೆಗಳು ಬಾಗಿದ್ದರೆ ಕುಲುಮೆಯಲ್ಲಿ ಬೆಳೆಸಿದ್ದು, ಸಹಜ ನೀಲದಲ್ಲಿ ಅವು ನೇರವಾಗಿ, ಕೋನ ಕೋನವಾಗಿ ಇರ್ತವೆ.

ಕೊನೆಗೆ, ಟ್ರಯಲ್ ಮಾಡಲೇಬೇಕು ಅಂದ್ರೆ ಸರಿಯಾಗಿ ಮಾಡಿ. ಕಲ್ಲು ಮನೆಗೆ ಬರೋ ಮೊದಲೇ ಶುಭ, ಅಶುಭದ ಪಟ್ಟಿ ಬರೆದಿಡಿ. ನಿಮ್ಮ ಗೆಳೆಯರೊಬ್ಬರಿಗೆ ಎರಡು ಬಟ್ಟೆಯ ಗಂಟು ಕಟ್ಟೋಕೆ ಹೇಳಿ. ಒಂದರಲ್ಲಿ ನೀಲ, ಇನ್ನೊಂದರಲ್ಲಿ ಅಷ್ಟೇ ಗಾತ್ರದ ಗಾಜು. ಯಾವುದು ಯಾವುದು ಅಂತ ಅವರಿಗೆ ಮಾತ್ರ ಗೊತ್ತಿರಲಿ. ಅವರೂ ನಿಮ್ಮ ಜೊತೆ ಇರೋದು ಬೇಡ, ಮುಖ ನೋಡಿ ಗೊತ್ತಾಗಿಬಿಡುತ್ತೆ. ಮೂರು ದಿನ ಒಂದು ಗಂಟು, ಮೂರು ದಿನ ಇನ್ನೊಂದು. ಹೀಗೆ ಅದಲು ಬದಲು ಮಾಡ್ತಾ ಎರಡು ತಿಂಗಳು ಪ್ರತಿ ರಾತ್ರಿ ಪಟ್ಟಿಗೆ ಟಿಕ್ ಹಾಕಿ. ಆಮೇಲೆ ಗಂಟು ಬಿಚ್ಚಿ ಎಣಿಸಿ. ಎರಡು ತಿಂಗಳು ಕಾಯೋಕೆ ಅಂಗಡಿಯವರು ಒಪ್ಪಲ್ಲ ಅಂದ್ರೆ, ಅವರು ಮೂರೇ ದಿನ ಯಾಕೆ ಕೊಟ್ಟರು ಅನ್ನೋದೂ ನಿಮಗೆ ಅರ್ಥ ಆಗುತ್ತೆ.