‘ರೇಟು ಜಾಸ್ತಿಯಾಯ್ತು’ ಎಂದಾಗ

ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಯಾರನ್ನೇ ಕೇಳಿ, ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ: ‘ನಿಮ್ಮ ರೇಟು ಜಾಸ್ತಿಯಾಯ್ತು ಸಾರ್. ಬೇರೆ ಪಾರ್ಟಿ ಇನ್ನೂ ಕಡಿಮೆಗೆ ಕೊಡ್ತಾರೆ.’ ಹೇಳುವವರು ಪರ್ಚೇಸ್ ವಿಭಾಗದವರು. ಕೇಳಿದವರಲ್ಲಿ ಹೆಚ್ಚಿನವರು ಆ ಕುರ್ಚಿಯಲ್ಲೇ ಐದು ಪರ್ಸೆಂಟ್ ಇಳಿಸಿಬಿಡುತ್ತಾರೆ. ಆರ್ಡರ್ ಕೈತಪ್ಪೀತು ಎಂಬ ದಿಗಿಲು.

ಆ ಐದು ಪರ್ಸೆಂಟ್ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಲೆಕ್ಕ ಹಾಕಿ ನೋಡೋಣ. ಪಂಪಿಗೆ ಹಾಕುವ ಒಂದು ಉಕ್ಕಿನ ಭಾಗ. ತಿಂಗಳಿಗೆ 2,000, ವರ್ಷಕ್ಕೆ 24,000. ಕೊಟೇಶನ್ ಒಂದಕ್ಕೆ ₹148. ಇದರಲ್ಲಿ ಕಚ್ಚಾ ಉಕ್ಕು ₹58, ಮೆಷಿನಿಂಗ್ ₹42, ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್ ₹16, ತಪಾಸಣೆ, ಪ್ಯಾಕಿಂಗ್, ಸಾಗಣೆ ₹9, ಬಾಡಿಗೆ-ಸಂಬಳಗಳ ಪಾಲು ₹11. ಒಟ್ಟು ₹136. ಉಳಿಯುವುದು ₹12. ಐದು ಪರ್ಸೆಂಟ್ ಎಂದರೆ ₹7.40. ಅದು ಉಕ್ಕಿನ ಬೆಲೆಯಿಂದಲೂ ಹೋಗುವುದಿಲ್ಲ, ಕರೆಂಟ್ ಬಿಲ್ಲಿನಿಂದಲೂ ಹೋಗುವುದಿಲ್ಲ. ಪೂರ್ತಿ ಆ ಹನ್ನೆರಡರಿಂದಲೇ ಹೋಗಬೇಕು. ಲಾಭದಲ್ಲಿ ನೂರಕ್ಕೆ ಅರವತ್ತು ಪಾಲು ಒಂದೇ ಮಾತಿಗೆ ಖಾಲಿ. ಹತ್ತು ಪರ್ಸೆಂಟ್ ಬಿಟ್ಟರೆ ಪ್ರತಿ ಪೀಸಿಗೂ ₹2.80 ಕೈಯಿಂದ ಹಾಕಿದಂತೆ.

ಹಣಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೇಳಿದ ಕೂಡಲೇ ಇಳಿಸಿದರೆ, ಮೊದಲು ಹೇಳಿದ ದರ ಉಬ್ಬಿಸಿದ್ದು ಎಂದು ನೀವೇ ಒಪ್ಪಿಕೊಂಡ ಹಾಗೆ. ಮುಂದಿನ ವರ್ಷದ ರೇಟ್ ಕಾಂಟ್ರ್ಯಾಕ್ಟ್ ಹೊತ್ತಿಗೆ ಅದೇ ಮೇಜಿನಲ್ಲಿ ಮಾತು ₹148ರಿಂದ ಶುರುವಾಗುವುದಿಲ್ಲ, ಇಳಿಸಿದ ದರದಿಂದ ಶುರುವಾಗುತ್ತದೆ.

ಹಾಗಾದರೆ ಏನು ಹೇಳಬೇಕು? ಮೊದಲು ಏನನ್ನೂ ಹೇಳಬಾರದು, ಕೇಳಬೇಕು. ‘ರೇಟು ಜಾಸ್ತಿ’ ಎಂಬ ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳಿರುತ್ತವೆ. ಪರ್ಚೇಸ್ ಆಫೀಸರಿಗೆ ಎಷ್ಟು ಉಳಿಸಿದೆ ಎಂದು ಮೇಲಿನವರಿಗೆ ತೋರಿಸುವ ಕೆಲಸವಿದೆ. ದರ ಎಷ್ಟೇ ಇದ್ದರೂ ಆ ಮಾತು ಅವರ ಬಾಯಲ್ಲಿ ಬರುತ್ತದೆ. ಕೆಲವೊಮ್ಮೆ ಬಜೆಟ್ ನಿಜವಾಗಿಯೂ ಇರುವುದಿಲ್ಲ. ಕೆಲವೊಮ್ಮೆ ಸ್ಯಾಂಪಲ್ ಬಗ್ಗೆ ಕ್ವಾಲಿಟಿಯವರಿಗೆ ಅನುಮಾನವಿದ್ದು, ಅದನ್ನು ಹೇಳಲು ಮುಜುಗರವಾಗಿ ದರದ ಮೇಲೆ ಹಾಕಿರುತ್ತಾರೆ. ಈ ಕೊನೆಯದನ್ನು ಹಿಡಿಯಲು ಒಂದೇ ಪ್ರಶ್ನೆ ಸಾಕು: ‘ರೇಟು ಬಿಟ್ಟು ಉಳಿದದ್ದೆಲ್ಲ ಓಕೆ ತಾನೇ ಸಾರ್? ಸ್ಯಾಂಪಲ್ ಪಾಸಾಗಿದೆಯಾ?’ ಉತ್ತರ ತಡವರಿಸಿದರೆ ಅಲ್ಲಿ ಎಷ್ಟು ಇಳಿಸಿದರೂ ಆರ್ಡರ್ ಬರುವುದಿಲ್ಲ. ಕ್ವಾಲಿಟಿಯವರನ್ನು ಭೇಟಿ ಮಾಡಬೇಕು.

ಉತ್ತರ ನೇರವಾಗಿ ‘ಓಕೆ’ ಎಂದು ಬಂದರೆ ಎರಡನೆಯ ಪ್ರಶ್ನೆ: ‘ಆ ಪಾರ್ಟಿಯ ದರದಲ್ಲಿ ಏನೇನು ಸೇರಿದೆ?’ ಅವರ ಹೆಸರು ಕೇಳಬೇಕಿಲ್ಲ, ಕೇಳಿದರೂ ಹೇಳುವುದಿಲ್ಲ. ಷರತ್ತುಗಳನ್ನು ಮಾತ್ರ ಕೇಳಬೇಕು. ನಮ್ಮ ಲೆಕ್ಕದಲ್ಲಿ ಆ ಇನ್ನೊಂದು ಪಾರ್ಟಿ ಕೊಯಮತ್ತೂರಿನದು, ದರ ₹132 ಎಂದಿಟ್ಟುಕೊಳ್ಳಿ. ವ್ಯತ್ಯಾಸ ₹16, ನೋಡಿದರೆ ಎದೆ ಧಸಕ್ಕೆನ್ನುವಂಥದ್ದು. ಆದರೆ ಅದು ಅವರ ಫ್ಯಾಕ್ಟರಿ ಬಾಗಿಲಿನ ದರ. ಬೆಂಗಳೂರಿಗೆ ಲಾರಿ ಬಾಡಿಗೆ ಪೀಸಿಗೆ ₹4, ಪ್ಯಾಕಿಂಗ್ ₹2 ಬೇರೆ. ಅವರಿಗೆ ಮಾಲು ಹೊರಡುವಾಗಲೇ ಹಣ ಕೊಡಬೇಕು. ನೀವು 45 ದಿನ ಬಿಡುತ್ತೀರಿ. ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಹಿಡಿದರೆ ಅದು ಸುಮಾರು ₹2. ಡ್ರಾಯಿಂಗಿನಲ್ಲಿ ಕೇಳಿರುವುದು 8 ಮೈಕ್ರಾನ್ ಪ್ಲೇಟಿಂಗ್, ಅವರು ಹೇಳಿರುವುದು 5 ಮೈಕ್ರಾನಿಗೆ. ಅದನ್ನು ಸರಿಮಾಡಿ ಟೆಸ್ಟ್ ರಿಪೋರ್ಟ್ ಕೊಡಲು ಇನ್ನೊಂದು ₹2. ಈಗ ಅವರ ದರ ₹142. ಹದಿನಾರು ರೂಪಾಯಿ ಆರಕ್ಕೆ ಇಳಿಯಿತು, ನೀವು ಒಂದು ಪೈಸೆಯನ್ನೂ ಬಿಡದೆ.

ಈ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ವಾದ ಮಾಡಿದ ಹಾಗೆ ಕೇಳುತ್ತದೆ. ಒಂದು ಹಾಳೆಯಲ್ಲಿ ಎರಡೂ ದರಗಳನ್ನು ಅಕ್ಕಪಕ್ಕ ಬರೆದು ಪರ್ಚೇಸ್ ಆಫೀಸರ್ ಕೈಗೆ ಕೊಡುವುದೇ ಮೇಲು. ಯಾಕೆಂದರೆ ಅವರು ಅದನ್ನು ತಮ್ಮ ಮ್ಯಾನೇಜರ್ ಮುಂದೆ ಇಡಬೇಕು, ನೀವು ಅಲ್ಲಿ ಇರುವುದಿಲ್ಲ. ಇನ್ನೊಬ್ಬರ ಮಾಲನ್ನು ಹಳಿಯುವ ಸಾಲೊಂದೂ ಆ ಹಾಳೆಯಲ್ಲಿ ಇರಬಾರದು.

ಉಳಿದ ಆರು ರೂಪಾಯಿಗೂ ಡಿಸ್ಕೌಂಟ್ ಕೊಡುವ ಮುಂಚೆ ಖರ್ಚನ್ನೇ ಇಳಿಸಲು ಆಗುತ್ತದೆಯೇ ನೋಡಬೇಕು. ಅದಕ್ಕೆ ಗಿರಾಕಿಯೂ ಒಂದು ಕೈ ಹಾಕಬೇಕಾಗುತ್ತದೆ. ವಾರಕ್ಕೊಮ್ಮೆ 500 ಪೀಸ್ ಬೇಕು ಎಂದಿದ್ದಾರೆ ಅನ್ನೋಣ. ಪ್ರತಿ ಲಾಟಿಗೂ ಮೆಷಿನ್ ಸೆಟ್ಟಿಂಗಿಗೆ ಮೂರು ಗಂಟೆ, ಗಂಟೆಗೆ ₹500ರಂತೆ ₹1,500. ಅಂದರೆ ಪೀಸಿಗೆ ₹3. ತಿಂಗಳ 2,000 ಪೀಸನ್ನು ಒಂದೇ ಸಲ ತೆಗೆದುಕೊಂಡರೆ ಅದು 75 ಪೈಸೆಗೆ ಬರುತ್ತದೆ. ರಟ್ಟಿನ ಪೆಟ್ಟಿಗೆಯ ಬದಲು ವಾಪಸ್ ಬರುವ ಪ್ಲಾಸ್ಟಿಕ್ ಕ್ರೇಟ್ ಒಪ್ಪಿದರೆ ಇನ್ನೊಂದು ₹1.50 ಉಳಿತಾಯ. ಒಟ್ಟು ₹3.75. ‘ಈ ಎರಡಕ್ಕೆ ನೀವು ಒಪ್ಪಿದರೆ ₹144.25ಕ್ಕೆ ಕೊಡ್ತೀವಿ’ ಎನ್ನಬಹುದು. ನಿಮ್ಮ ಹನ್ನೆರಡು ರೂಪಾಯಿ ಹಾಗೇ ಉಳಿಯಿತು. ಗಿರಾಕಿಯ ಗೋಡೌನಿನಲ್ಲಿ ಒಂದಿಷ್ಟು ಹೆಚ್ಚು ಮಾಲು ಕೂರುತ್ತದೆ ನಿಜ, ಆದರೆ ವರ್ಷಕ್ಕೆ ₹90,000 ಕಡಿಮೆಯಾಯಿತು ಎಂದು ತೋರಿಸಲು ಆಫೀಸರಿಗೂ ಒಂದು ಅಂಕಿ ಸಿಕ್ಕಿತು. ನನಗೆ ಕಂಡಂತೆ ಅವರಿಗೆ ಬೇಕಾಗಿರುವುದು ಹೆಚ್ಚಿನ ಸಲ ಇದೇ.

ಆಮೇಲೂ ₹2.25 ವ್ಯತ್ಯಾಸ ಉಳಿಯುತ್ತದೆ. ಉಳಿಯಲಿ. ಬೆಂಗಳೂರಲ್ಲೇ ಇದ್ದೀರಿ, ಪೀಸ್ ರಿಜೆಕ್ಟ್ ಆದರೆ ಮಾರನೇ ದಿನ ಬದಲಿ ಕೊಡಬಲ್ಲಿರಿ. ಗಿರಾಕಿಯ ಅಸೆಂಬ್ಲಿ ಲೈನ್ ಒಂದು ದಿನ ನಿಂತರೆ ಎಷ್ಟು ನಷ್ಟ ಎಂಬುದನ್ನು ಅವರ ಪ್ರೊಡಕ್ಷನ್ ಮ್ಯಾನೇಜರ್ ಬಾಯಿಂದಲೇ ಕೇಳಿಸಿಕೊಳ್ಳಿ. ನೀವೇ ಹೇಳಿದರೆ ಅದು ಮಾರಾಟದ ಮಾತಾಗುತ್ತದೆ.

ಮಾತಿನ ಕೊನೆಗೆ ಸಾಮಾನ್ಯವಾಗಿ ಇನ್ನೊಂದು ಬೇಡಿಕೆ ಬರುತ್ತದೆ: ‘ರೇಟು ಆಯ್ತು, ಪೇಮೆಂಟ್ 90 ದಿನ ಮಾಡ್ಕೊಳ್ಳಿ.’ ಇದೂ ಡಿಸ್ಕೌಂಟೇ, ವೇಷ ಬೇರೆ ಅಷ್ಟೇ. ಸಣ್ಣ ಉದ್ದಿಮೆಗಳ ಹಣವನ್ನು ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮವೂ ಜೊತೆಗೂಡಿದೆ: ಆ ಅವಧಿಯೊಳಗೆ ಕೊಡದೆ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವ ಕಂಪನಿ ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಇದನ್ನು ಮೇಜಿನ ಮೇಲೆ ಬೆದರಿಕೆಯಾಗಿ ಬಳಸಬೇಡಿ. ಕೊಟೇಶನ್ನಿನಲ್ಲಿ ಉದ್ಯಮ್ ನೋಂದಣಿ ಸಂಖ್ಯೆ ಬರೆದು ‘ಪಾವತಿ 45 ದಿನ’ ಎಂದಿದ್ದರೆ, ಅವರ ಅಕೌಂಟ್ಸ್ ವಿಭಾಗಕ್ಕೆ ಅರ್ಥವಾಗುತ್ತದೆ.

ಇದೆಲ್ಲ ನಡೆಯದ ಕಡೆಗಳೂ ಇವೆ. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡರ್ಡ್ ಬೋಲ್ಟು-ನಟ್ಟಿಗೆ ಇಂಥ ವಿವರಣೆ ಯಾರೂ ಕೇಳುವುದಿಲ್ಲ. ಕನಿಷ್ಠ ದರದವರಿಗೇ ಕೆಲಸ ಕೊಡುವ ಟೆಂಡರಿನಲ್ಲಿ ಮಾತುಕತೆಗೇ ಜಾಗವಿಲ್ಲ. ಹಳೇ ಮೆಷಿನ್‌ನಿಂದ ನಿಮ್ಮ ಖರ್ಚೇ ಹೆಚ್ಚಾಗಿದ್ದರೆ ಗಿರಾಕಿ ಹೇಳಿದ್ದು ಬರೀ ಸತ್ಯ. ವಹಿವಾಟಿನ ಮುಕ್ಕಾಲು ಪಾಲು ಒಂದೇ ಕಂಪನಿಯಿಂದ ಬರುತ್ತಿದ್ದರಂತೂ ಎಷ್ಟೇ ಜಾಣ ಪ್ರಶ್ನೆ ಕೇಳಿದರೂ ಬಲ ಅವರ ಕಡೆಗೇ ಇರುತ್ತದೆ.

ಆದ್ದರಿಂದ ಮೀಟಿಂಗಿಗೆ ಹೋಗುವ ಮುಂಚೆ ಇಷ್ಟಕ್ಕಿಂತ ಕೆಳಗೆ ಬೇಡ ಎಂಬ ದರವನ್ನು ಆಫೀಸಿನಲ್ಲೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. ಇಳಿಸಲೇಬೇಕಾಗಿ ಬಂದರೆ ಪ್ರತಿಯಾಗಿ ಏನು ಬಂತು, ಎಷ್ಟು ದಿನದವರೆಗೆ ಎಂಬುದನ್ನು ಪರ್ಚೇಸ್ ಆರ್ಡರಿನಲ್ಲೇ ಬರೆಸಿಕೊಳ್ಳಿ.